ನಾಯಿ ಅಡ್ಡ ಬಂತು

ನಾಯಿ ಅಡ್ಡ ಬಂತು ಎಂದು ಮೊದಲು ಹೇಳಿದವನು ನಾನೇ. ಬೈಕಿನ ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಹೆಂಡತಿ ರಸ್ತೆಯಂಚಿನ ಮಣ್ಣಿನಲ್ಲಿ ಬಿದ್ದಿದ್ದಳು, ಬಲಗೈ ಮೈಯಡಿ ಸಿಕ್ಕಿಕೊಂಡಿತ್ತು. ಬುಟ್ಟಿಯಲ್ಲಿದ್ದ ಮಲ್ಲಿಗೆಯ ಮಾಲೆಗಳು ಡಾಂಬರಿನ ಮೇಲೆ ಉದ್ದಕ್ಕೆ ಚೆಲ್ಲಿದ್ದವು. ಶಿರಾಲಿಯಿಂದ ಭಟ್ಕಳದ ಹೂವಿನಂಗಡಿಗೆ ಆ ಮಾಲೆಗಳನ್ನು ಮುಟ್ಟಿಸಲು ನಾವು ಹೊರಟಿದ್ದೆವು. ಒಬ್ಬ ರಿಕ್ಷಾದವನು ಗಾಡಿ ನಿಲ್ಲಿಸಿ ಓಡಿ ಬಂದು ಕೇಳಿದ.

"ಎಂತ ಆತು?"

"ನಾಯಿ ಅಡ್ಡ ಬಂತು," ಎಂದೆ.

ನಾಯಿ ಅಡ್ಡ ಬಂದಿರಲಿಲ್ಲ. ಅಂಗಿಯ ಜೇಬಿನಲ್ಲಿ ಫೋನು ರಿಂಗಾಗಿತ್ತು. ನಾನು ಎಡಗೈಯಲ್ಲಿ ಅದನ್ನು ತೆಗೆದು ಯಾರದೆಂದು ನೋಡಲು ತಲೆ ತಗ್ಗಿಸಿದೆ. ಅಷ್ಟರಲ್ಲಿ ಮುಂದಿನ ಚಕ್ರ ಡಾಂಬರಿನಿಂದ ಕೆಳಗಿನ ಮಣ್ಣಿಗೆ ಇಳಿಯಿತು, ಅದನ್ನು ಮೇಲೆ ಹತ್ತಿಸಲು ಹೋಗಿ ಮಗುಚಿದೆ. ಕರೆ ಯಾರದೆಂದು ಆಮೇಲೆ ಆಸ್ಪತ್ರೆಯಲ್ಲಿ ನೋಡಿದೆ. ಫೋನಿಗೆ ಹೊಸ ಹಾಡು ಹಾಕಿಸಿಕೊಳ್ಳುತ್ತೀರಾ ಎಂದು ಕೇಳುವ ಕಂಪನಿಯ ಕರೆ. ಗಿರಾಕಿಯದಾಗಿದ್ದರೆ ಏನೋ ಒಂದು ಸಮಾಧಾನವಿರುತ್ತಿತ್ತು, ಅದೂ ಇಲ್ಲ.

ನಾನು ಪಂಪು ರಿಪೇರಿಯವನು. ಭಟ್ಕಳದಿಂದ ಕುಮಟೆಯಾಚೆಯ ಮಿರ್ಜಾನದ ತನಕ ಬಾವಿಗಳ ಸುತ್ತ ಓಡಾಡುವುದೇ ನನ್ನ ಬದುಕು. ಫೋನು ನನಗೆ ಸ್ಪ್ಯಾನರಿನಷ್ಟೇ ಮುಖ್ಯ. ಬೈಕಿನ ಮೇಲೆ ಮಾತಾಡುವುದು ನನಗೆ ತಪ್ಪೆಂದೇ ಅನಿಸಿರಲಿಲ್ಲ, ಅದು ನನ್ನ ಕೆಲಸದ ಭಾಗ ಎಂದುಕೊಂಡಿದ್ದೆ. ಹಾಗಿದ್ದರೆ ಆ ದಿನ ರಿಕ್ಷಾದವನ ಎದುರು ಫೋನು ಎಂದು ಯಾಕೆ ಹೇಳಲಿಲ್ಲ? ಈ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು.

ಹೆಂಡತಿ ಕೇಳಿಸಿಕೊಂಡಳು. ನೆಲದಿಂದ ನನ್ನ ಮುಖ ನೋಡಿದಳು. ಅವಳು ಹಿಂದಿನ ಸೀಟಿನಲ್ಲಿ ಅಡ್ಡ ಕೂತಿದ್ದಳು, ಕೈ ಜೇಬಿಗೆ ಹೋಗುವಾಗ ನನ್ನ ಮೊಣಕೈ ಅವಳ ಭುಜಕ್ಕೆ ತಾಗಿತ್ತು. ಅವಳಿಗೆ ಗೊತ್ತಿದೆ ಎಂಬುದು ಆ ಕ್ಷಣವೇ ನನಗೆ ಗೊತ್ತಾಯಿತು. ಆಸ್ಪತ್ರೆಗೆ ಅವಳ ಅಣ್ಣ ಬಂದ. ಮಣಿಕಟ್ಟು ಎರಡು ಕಡೆ ಮುರಿದಿದೆ, ಪ್ಲೇಟು ಹಾಕಬೇಕು ಎಂದು ಡಾಕ್ಟರು ಹೇಳಿ ಹೋದ ಮೇಲೆ ಅವನು ತಂಗಿಯ ಹತ್ತಿರ ಬಗ್ಗಿ, "ನಾಯಿ ಬಂದದ್ದೇ ಹೌದಾ?" ಎಂದು ಕೇಳಿದ. ಅವಳು "ಹೂಂ" ಎಂದಳು. ನನಗೆ ಜೀವ ಬಂದ ಹಾಗಾಯಿತು. ಹೇಳಲು ಹೇಸಿಗೆಯಾಗುತ್ತದೆ, ಹೆಂಡತಿಯ ಕೈ ಮುರಿದ ಹೊತ್ತಿನಲ್ಲಿ ನನಗೆ ಆದದ್ದು ಸಮಾಧಾನ.

ನಾವು ಬಿದ್ದ ಶಿರಾಲಿಯ ತಿರುವಿನಲ್ಲಿ ಒಂದು ನಾಯಿ ಇತ್ತು ಎಂಬುದು ನಿಜ. ಕಂದು ಬಣ್ಣದ್ದು, ಒಂದು ಕಿವಿ ಅರ್ಧ ಹರಿದದ್ದು. ಅಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಒಬ್ಬ ಹೆಂಗಸು ಅದಕ್ಕೆ ದಿನಾ ಮೀನಿನ ತಲೆ ಹಾಕುತ್ತಿದ್ದಳು, ಅದು ಅವಳ ಬುಟ್ಟಿಯ ಪಕ್ಕದಲ್ಲೇ ಬಿದ್ದಿರುತ್ತಿತ್ತು. ನಾನು "ನಾಯಿ" ಎಂದಾಗ ಯಾವ ನಾಯಿ ಎಂದು ಯೋಚಿಸಿರಲಿಲ್ಲ. ಊರಿನವರು ನನ್ನ ಪರವಾಗಿ ಯೋಚಿಸಿದರು. ಮೂರು ವಾರ ಕಳೆದ ಮೇಲೆ ಭಾವ, ಅಂದರೆ ಹೆಂಡತಿಯ ಅದೇ ಅಣ್ಣ, ಮನೆಗೆ ಬಂದು, ಆ ನಾಯಿಯನ್ನು ಚೀಲಕ್ಕೆ ತುಂಬಿ ಸಾಮಾನಿನ ರಿಕ್ಷಾದಲ್ಲಿ ಹೊನ್ನಾವರದ ಸೇತುವೆ ದಾಟಿಸಿ ಕುಮಟೆಯ ದಿಕ್ಕಿಗೆ ಬಿಟ್ಟು ಬಂದೆವು ಎಂದ.

"ಹೊಳೆ ದಾಟ್ಸಿದ್ರೆ ತಿರ್ಗಿ ಬರೂದಿಲ್ಲ ಭಾವಾ. ಇನ್ನು ಹೆದ್ರಿಕೆ ಇಲ್ಲ," ಎಂದ ಅವನು.

"ಒಳ್ಳೇದಾತು," ಎಂದೆ ನಾನು.

ಒಳಗಿನ ಕೋಣೆಯಲ್ಲಿ ಹೆಂಡತಿ ಕೈಗೆ ಪಟ್ಟಿ ಹಾಕಿಕೊಂಡು ಮಲಗಿದ್ದಳು. ಅವಳಿಗೆ ಕೇಳಿಸಿರಬೇಕು. ಚಾ ತರಲು ನಾನು ಅಡುಗೆಮನೆಗೆ ಹೋಗುವಾಗ ಆ ಬಾಗಿಲ ಕಡೆ ನೋಡಲಿಲ್ಲ.

ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಏನೂ ಇಲ್ಲದೆ ನಾಯಿ ಅಡ್ಡ ಬರುವುದಿಲ್ಲ, ಮನೆಯಲ್ಲಿ ಏನೋ ತಪ್ಪಾಗಿದೆ ಎಂದು ಭಟ್ಕಳದಾಚೆಯ ತಮ್ಮ ಊರು ಬೆಳಕೆಯಲ್ಲಿ ಮನೆದೇವರ ಹತ್ತಿರ ಪ್ರಸಾದ ಕೇಳಿಸಿದರು. ಭಟ್ಟರು ದೇವರ ಮೈಗೆ ಹೂವಿನ ಎಸಳು ಅಂಟಿಸುತ್ತಾರೆ, ನಾವು ಪ್ರಶ್ನೆ ಕೇಳುತ್ತೇವೆ, ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಅತ್ತೆ ಕೇಳಿದ್ದು, ಹೊತ್ತ ಹರಕೆ ಏನಾದರೂ ಉಳಿದಿದೆಯೇ ಎಂದು. ಬಹಳ ಹೊತ್ತು ಯಾವುದೂ ಬೀಳಲಿಲ್ಲ. ನಾನು ಕೈಮುಗಿದು ನಿಂತಿದ್ದೆ. ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ, ಇವನು ಸುಳ್ಳು ಹೇಳಿದ್ದಾನೆಯೇ ಎಂದು ಕೇಳಿದರೆ, ಎಸಳು ತಟ್ಟನೆ ಬೀಳುತ್ತದೆ ಎಂದು ನನಗೆ ಗಟ್ಟಿಯಾಗಿ ಅನಿಸಿತ್ತು. ಕಡೆಗೆ ಬಲಗಡೆಯದು ಬಿತ್ತು. ಹರಕೆ ಉಳಿದಿದೆ ಎಂದಾಯಿತು. ಅತ್ತೆ ನೆನಪು ಕೆದಕಿ, ಮಗಳ ಮದುವೆಯ ಕಾಲದ್ದೇನೋ ಒಂದನ್ನು ಹುಡುಕಿ ತೆಗೆದರು.

ತಪ್ಪುಕಾಣಿಕೆ ಇಡಲು ಹೇಳಿದರು. ಮನೆಯ ಯಜಮಾನ ಎಂದು ನನ್ನ ಕೈಯಲ್ಲೇ ಇಡಿಸಿದರು. ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಭಟ್ಟರು ಹೇಳಿಕೊಟ್ಟರು, ನಾನು ಹೇಳಿದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಅಳಿಯನಿಗೆ ಎಷ್ಟು ಭಕ್ತಿ ಎಂದು ಅತ್ತೆಗೆ ಸಂತೋಷವಾಯಿತು. ಹೊರಗೆ ಬರುವಾಗ ಮನಸ್ಸು ಹಗುರಾಗಿತ್ತು. ಯಾವ ತಪ್ಪು ಎಂದು ಬಾಯಿಬಿಟ್ಟು ಹೇಳದೆ ತಪ್ಪಾಯಿತು ಎಂದುಬಿಟ್ಟರೆ ಅಷ್ಟು ಸಲೀಸಾಗಿ ಹಗುರಾಗಬಹುದು. ಅಲ್ಲಿಂದ ಮನೆಗೆ ಬರುವ ದಾರಿಯಲ್ಲೇ ಒಬ್ಬ ಗಿರಾಕಿಯ ಕರೆ ಬಂತು, ಬೈಕಿನ ಮೇಲೇ ತೆಗೆದುಕೊಂಡು ಮಾತಾಡಿದೆ.

ಇದನ್ನು ಓದಿದವರು ನನ್ನನ್ನು ಕಲ್ಲು ಎಂದುಕೊಳ್ಳಬಹುದು. ಕಲ್ಲಾಗಿರಲಿಲ್ಲ, ಬೇಯುತ್ತಿದ್ದೆ. ಬಿದ್ದ ಮೊದಲ ಎರಡು ವಾರ ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ಅಂಥದ್ದು ಆಗಬಾರದು ಎಂಬ ಹಟವೂ ಇತ್ತು. ಅದಕ್ಕಾಗಿ ನಾನು ಮಾಡಿದ್ದೇನು? ಬೈಕಿಗೆ ಲಾರಿಯಷ್ಟು ದೊಡ್ಡ ದನಿಯ ಹಾರ್ನು ಹಾಕಿಸಿದೆ. ಮುಂದೆ ಕಬ್ಬಿಣದ ಗಾರ್ಡು ಹಾಕಿಸಿದೆ. ನಾಯಿ ಕಂಡಲ್ಲೆಲ್ಲ ಹಾರ್ನು ಹೊಡೆಯುತ್ತಾ ಹೋಗುತ್ತಿದ್ದೆ, ಒಂದೊಂದು ಸಲ ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡೇ. ಹತ್ತು ಜನರ ಎದುರು ಹತ್ತು ಸಲ ಹೇಳಿದ ಕಥೆಯಲ್ಲಿ ಫೋನು ಇರಲಿಲ್ಲವಲ್ಲ, ನಾಯಿ ಮಾತ್ರ ಇತ್ತು. ಹೇಳುತ್ತಾ ಹೇಳುತ್ತಾ ನಾಯಿ ಯಾವ ಕಡೆಯಿಂದ ಹಾರಿತು ಎಂಬುದೂ ನನಗೆ ಕಾಣತೊಡಗಿತ್ತು.

ಭಟ್ಕಳದ ಪೇಟೆಯಲ್ಲಿ ಮಾತ್ರ ಫೋನು ಮುಟ್ಟುತ್ತಿರಲಿಲ್ಲ. ಅಲ್ಲಿ ಗುರುತಿನವರು ಇರುತ್ತಾರೆ, ನೋಡಿದರೆ ಮರ್ಯಾದೆ ಹೋಗುತ್ತದೆ. ಪೇಟೆ ದಾಟಿ ರಸ್ತೆ ಖಾಲಿಯಾದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಮರ್ಯಾದೆಯ ಹೆದರಿಕೆಗೆ ಅಷ್ಟೇ ದೂರ ಬರಲು ಸಾಧ್ಯ, ಜನರ ಕಣ್ಣು ಮುಟ್ಟುವಷ್ಟು ದೂರ.

ಶಿರಾಲಿಯ ಆ ತಿರುವನ್ನು ಬಿಟ್ಟು ಒಳರಸ್ತೆ ಹಿಡಿದೆ. ಮೀನಿನ ಹೆಂಗಸು ಅಲ್ಲೇ ಕೂತಿರುತ್ತಿದ್ದಳು, ಅವಳ ಪಕ್ಕದ ಜಾಗ ಖಾಲಿ ಇರುತ್ತಿತ್ತು. ಎರಡು ಕಿಲೋಮೀಟರು ಸುತ್ತು ಬಿದ್ದರೂ ಸೈ, ಅವಳ ಮುಖ ನೋಡುವುದು ಬೇಡ ಎನಿಸಿತ್ತು. ಮನೆಯಲ್ಲೂ ಅದೇ. ಹೆಂಡತಿಯ ಪಟ್ಟಿ ಬಿಚ್ಚಿದರು. ಹೆಬ್ಬೆರಳು ಮತ್ತು ತೋರುಬೆರಳಿಗೆ ಹೋಗುವ ನರಕ್ಕೆ ಪೆಟ್ಟಾಗಿದೆ, ನಿಧಾನಕ್ಕೆ ಸ್ವಲ್ಪ ಸರಿಯಾಗಬಹುದು ಎಂದರು. ಮಲ್ಲಿಗೆ ಕಟ್ಟಲು ಆ ಎರಡು ಬೆರಳೇ ಬೇಕು. ಮೊಗ್ಗಿನ ತೊಟ್ಟನ್ನು ಚಿವುಟಿ ಹಿಡಿದು ಬಾಳೆನಾರನ್ನು ಸುತ್ತಿ ಬಿಗಿಯಬೇಕು. ಇಡೀ ಕೇರಿಯಲ್ಲಿ ಅವಳಷ್ಟು ಒತ್ತಾಗಿ ಕಟ್ಟುವವರು ಇರಲಿಲ್ಲ. ಅವಳು ಈಗ ಎಡಗೈಯಲ್ಲಿ ಊಟ ಬಡಿಸುವಾಗ ನಾನು ತಟ್ಟೆಯನ್ನಷ್ಟೇ ನೋಡುತ್ತಿದ್ದೆ. ಅವಳ ಕೈಯಿಂದ ಲೋಟ ಜಾರಿ ಬಿದ್ದರೆ ಸಿಟ್ಟು ನೆತ್ತಿಗೇರುತ್ತಿತ್ತು. "ಆಗದಿದ್ರೆ ಎಂತಕ್ಕೆ ಹಿಡೀತೆ?" ಎಂದು ರೇಗಿ ಹೊರಗೆ ಹೋಗುತ್ತಿದ್ದೆ. ಬಿದ್ದ ಲೋಟ ನನ್ನತ್ತ ಬೆರಳು ಮಾಡಿದ ಹಾಗಾಗುತ್ತಿತ್ತು. ಅವಳು ತಿರುಗಿ ಒಂದು ಮಾತು ಆಡಿದ್ದರೆ ಜಗಳವಾಗಿ ಸತ್ಯ ಹೊರಗೆ ಬೀಳುತ್ತಿತ್ತೋ ಏನೋ. ಅವಳು ಆಡಲಿಲ್ಲ. ನನ್ನ ಮುಖ ಉಳಿಸುವುದನ್ನು ಅವಳು ಒಂದು ವ್ರತದ ಹಾಗೆ ಹಿಡಿದಿದ್ದಳು, ಮತ್ತು ಆ ವ್ರತದ ನೆರಳಿನಲ್ಲಿ ನಾನು ಆರಾಮವಾಗಿ ಕೆಡುತ್ತಿದ್ದೆ.

ಹೀಗಿರುವಾಗ ಮಿರ್ಜಾನದ ಒಂದು ತೋಟದಲ್ಲಿ ಪಂಪು ಮೂರನೇ ಸಲ ಕೆಟ್ಟಿತು. ಮೊದಲ ಸಲ ಕೆಟ್ಟಾಗ ಬಿಚ್ಚಿ ನೋಡಿದರೆ ಒಳಗೆ ನೀರು ತಡೆಯುವ ರಬ್ಬರಿನ ಸೀಲು ಕರಗಿತ್ತು. ಬಾವಿಯ ನೀರು ಮುಗಿದ ಮೇಲೂ ಪಂಪು ಓಡುತ್ತಲೇ ಇದ್ದರೆ ಹಾಗಾಗುತ್ತದೆ. ತೋಟದ ಯಜಮಾನರು ನನಗಿಂತ ಹಿರಿಯರು. ಮನೆಯವರ, ಕೆಲಸದವರ ಎದುರೇ ನಾನು ಅವರನ್ನು ತರಾಟೆಗೆ ತೆಗೆದುಕೊಂಡಿದ್ದೆ. ನನ್ನ ನಾಲಿಗೆ ಅಂಥದ್ದು. "ಸ್ವಿಚ್ ಹಾಕೂಕೆ ಬತ್ತದೆ, ತೆಗೂಕೆ ಬತ್ತಿಲ್ಯ? ನಾಚಿಕೆ ಆಗ್ಬೇಕು," ಎಂದಿದ್ದೆ. ಅವರು ತಲೆ ತಗ್ಗಿಸಿ ನಿಂತಿದ್ದರು. ಬುದ್ಧಿ ಬಂತು ಎಂದುಕೊಂಡೆ. ಎರಡನೇ ಸಲ ಕೆಟ್ಟಾಗ, ಓಲ್ಟೇಜು ಏರಿಳಿತ ಆಗಿ ಹೀಗಾಯಿತು ಎಂದರು. ನಾನು ಬರುವ ಮೊದಲೇ ಪಂಪು ಬಿಚ್ಚಿ ಸೀಲನ್ನು ಎಲ್ಲೋ ಎಸೆದಿದ್ದರು. ನಾನು ನಂಬಿ ಓಲ್ಟೇಜನ್ನು ಹದದಲ್ಲಿಡುವ ಡಬ್ಬಿ ಕೂರಿಸಿ ಬಂದೆ. ಇಲ್ಲದ ರೋಗಕ್ಕೆ ಮದ್ದು.

ಮೂರನೇ ಸಲ ಹೋದಾಗ ಯಜಮಾನರು ಎದುರಿಗೆ ಬರಲೇ ಇಲ್ಲ, ಪೇಟೆಗೆ ಹೋಗಿದ್ದಾರೆ ಎಂದರು. ಅವರ ಹೆಂಡತಿ ಬಾವಿಕಟ್ಟೆಯ ತನಕ ಬಂದು ದನಿ ತಗ್ಗಿಸಿ ಹೇಳಿದರು.

"ಅವ್ರಿಗೆ ಈಗೀಗ ಮರವು. ಪಂಪು ಹಾಕಿದ್ದೇ ನೆನಪಿರೂದಿಲ್ಲ. ಅವತ್ತು ನೀವು ಹಾಗೆ ಹೇಳಿದ್ರಲಾ, ಅದ್ಕೆ ನಿಮ್ ಹತ್ರ ಹೇಳೂಕೆ ಹೆದ್ರಿಕೆ. ಪೇಟಿಗೆ ಹೋಗ್ಲಿಲ್ಲ ಅವ್ರು, ಕೊಟ್ಟಿಗೆ ಹಿಂದೆ ನಿಂತ್ಕಂಡಿದ್ರು."

ನೀರು ಇಳಿದರೆ ತಾನಾಗಿ ಬಂದಾಗುವ ಸ್ವಿಚ್ಚು ಕೂರಿಸಲು ನನಗೆ ಅರ್ಧ ಗಂಟೆಯೂ ಬೇಡ. ಮೊದಲ ದಿನವೇ ಮರೆಯುತ್ತೇನೆ ಎಂದು ಅವರು ಹೇಳಿದ್ದರೆ ಅಥವಾ ಹೇಳಲು ನಾನು ಬಿಟ್ಟಿದ್ದರೆ, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸ್ವಿಚ್ಚು ಕೂರಿಸುತ್ತಾ ಕೊಟ್ಟಿಗೆಯ ಕಡೆ ನೋಡಿದೆ. ಬಿಳಿ ಪಂಚೆಯ ಅಂಚು ಕಂಡಿತು. ಒಳರಸ್ತೆಯಲ್ಲಿ ಸುತ್ತು ಹೊಡೆದು ಹೋಗುವ ನನಗೂ ಆ ಪಂಚೆಗೂ ಏನು ವ್ಯತ್ಯಾಸ? ಅವರು ಸೀಲು ಎಸೆದರು, ನಾನು ನಾಯಿಯನ್ನು ಎಸೆಯಲು ಬಿಟ್ಟೆ.

ಇಷ್ಟು ಅರ್ಥವಾದ ಮೇಲೆ ಮನುಷ್ಯ ಸರಿಯಾಗಬೇಕು ತಾನೇ? ವಾಪಸು ಬರುವಾಗ ಹೊನ್ನಾವರದ ಸೇತುವೆಯ ಮೇಲೆ ಫೋನು ರಿಂಗಾಯಿತು. ತೆಗೆದುಕೊಂಡೆ. ಬಲಗಡೆ ಶರಾವತಿ ಸಮುದ್ರ ಸೇರುತ್ತಿತ್ತು, ಅದೇ ಕಡೆಯಿಂದ ಲಾರಿಯೊಂದು ಮೈ ಸವರಿ ಹೋಯಿತು. ನಾನು ಎರಡು ಅಶ್ವಶಕ್ತಿಯ ಮೋಟಾರಿನ ಬಗ್ಗೆ ಮಾತಾಡುತ್ತಿದ್ದೆ. ನಾನೆಂಥ ಕೆಟ್ಟವನು ಎಂದು ನನಗೇ ಬೈದುಕೊಂಡೆ, ಮಾತು ಮಾತ್ರ ಮುಂದುವರಿಸಿದೆ. ನಾನು ಕೆಟ್ಟವನು ಎಂದುಕೊಂಡಾಗ ಮಾಡಲು ಏನೂ ಉಳಿಯುವುದಿಲ್ಲ ಎಂಬುದನ್ನು ಅಲ್ಲಿ ಕಂಡೆ. ಕೆಟ್ಟವನು ಮತ್ತೇನು ಮಾಡುತ್ತಾನೆ, ಕೆಟ್ಟದ್ದನ್ನೇ ಮಾಡುತ್ತಾನೆ.

ನಾಲ್ಕನೇ ಕ್ಲಾಸಿನ ಮಗಳಿದ್ದಾಳೆ ನಮಗೆ. ಒಂದು ಭಾನುವಾರ ಬೆಳಿಗ್ಗೆ ಅಂಗಳದಾಚೆ ಕುಂಯ್ ಎಂಬ ಸದ್ದು ಕೇಳಿ ಹೋದೆ. ಕೇರಿಯ ಒಂದು ಮರಿನಾಯಿ ಗದ್ದೆಯ ಬದುವಿಗೆ ಒತ್ತಿಕೊಂಡು ನಿಂತಿತ್ತು, ಹಿಂಗಾಲು ಎತ್ತಿಕೊಂಡಿತ್ತು. ಮಗಳ ಲಂಗದ ಮಡಿಲಲ್ಲಿ ಕಲ್ಲುಗಳಿದ್ದವು. ಗುರಿ ನೋಡಿ ನೋಡಿ ಹೊಡೆಯುತ್ತಿದ್ದಳು, ಮುಖದಲ್ಲಿ ಆಟದ ನಗುವಿರಲಿಲ್ಲ.

"ನಾಚಿಕೆ ಆಗೂದಿಲ್ವ ನಿಂಗೆ?" ಎಂದು ಕೂಗಿದೆ.

ಅವಳು ನನ್ನನ್ನು ನೋಡಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಅಮ್ಮನ ಕೈ ಮುರ್ದದ್ದು ನಾಯಿ ಅಲ್ದ ಅಪ್ಪ?"

ನಾನು ಬದುವಿನ ಮೇಲೆ ಕೂತೆ. ಇನ್ನೊಂದು ಸುಳ್ಳು ಹೇಳಲು ದಾರಿಯಿತ್ತು. ಆ ನಾಯಿ ಬೇರೆ, ಈ ಮರಿ ಬೇರೆ ಎನ್ನಬಹುದಿತ್ತು. ಅದು ಬಾಯಿಯ ತನಕ ಬಂದೂ ಇತ್ತು. ಆದರೆ ಮರಿಯ ಕಾಲು ಕಣ್ಣೆದುರೇ ಇತ್ತು.

"ಅಲ್ಲ. ನಾಯಿ ಅಡ್ಡ ಬರ್ಲೇ ಇಲ್ಲ. ನಾನು ಫೋನು ನೋಡ್ತಾ ಬೈಕು ಬಿಟ್ಟೆ. ನನ್ನಿಂದ ಬಿದ್ದದ್ದು," ಎಂದೆ.

"ಹಂಗಾರೆ ಅಮ್ಮನ ಕೈ ಮುರ್ದದ್ದು ನೀನಾ?"

"ಹೌದು."

ಅವಳು ಮಡಿಲ ಕಲ್ಲುಗಳನ್ನು ಒಂದೊಂದಾಗಿ ಕೆಳಗೆ ಬಿಟ್ಟಳು. ಆಮೇಲೆ ಕೇಳಿದಳು.

"ಮತ್ತೆ ಈಗ್ಲೂ ಮಾತಾಡ್ತೆ ಅಲಾ ಬೈಕ್ ಮೇಲೆ? ಮೊನ್ನೆ ಶಾಲಿಗೆ ಬಿಡುವಾಗ್ಲೂ ಮಾತಾಡ್ದೆ."

ಮರುದಿನ ಅವಳು ನನ್ನ ಬೈಕು ಹತ್ತಲಿಲ್ಲ, ಪಕ್ಕದ ಮನೆಯ ಮಕ್ಕಳ ಜೊತೆ ನಡೆದುಕೊಂಡು ಹೋದಳು. ಸಿಟ್ಟು ಮಾಡಿರಲಿಲ್ಲ, ಹೆದರಿದ್ದಳು. ಆವತ್ತು ಫೋನನ್ನು ಸೀಟಿನ ಅಡಿಯ ಡಬ್ಬಿಯಲ್ಲಿಟ್ಟು ಬೀಗ ಹಾಕಿದೆ. ತೆಗೆಯಬೇಕಾದರೆ ಬೈಕು ನಿಲ್ಲಿಸಬೇಕು, ಇಳಿಯಬೇಕು, ಕೀಲಿ ತಿರುಗಿಸಬೇಕು. ಮಿರ್ಜಾನದ ಬಾವಿಗೆ ಹಾಕಿದ ಸ್ವಿಚ್ಚಿನಂಥದ್ದೇ ಒಂದು ಉಪಾಯ. ಇಷ್ಟು ಸಣ್ಣ ಕೆಲಸವನ್ನು ಒಂದೂವರೆ ವರ್ಷದಲ್ಲಿ ಮಾಡದೇ ಹೋದವನು ಹಾರ್ನಿಗೆ ಮೆಕ್ಯಾನಿಕ್ಕಿನ ಹತ್ತಿರ ಅರ್ಧ ದಿನ ಕೂತಿದ್ದೆ.

ಅದೇ ವಾರ ತಿರುವಿನ ಮೀನಿನ ಹೆಂಗಸಿನ ಹತ್ತಿರ ಹೋದೆ. ಅವಳ ಮನೆಮಾತು ಕೊಂಕಣಿ, ನಮ್ಮ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾಳೆ. ನಾನು ನಿಂತೇ ಹೇಳಿದೆ. ಅವಳು ಬಂಗಡೆಯ ಮೇಲೆ ನೀರು ಚಿಮುಕಿಸುತ್ತಾ ಕೇಳಿದಳು. ಛೀ ಥೂ ಎನ್ನಬಹುದು ಎಂದು ಮೈ ಬಿಗಿದುಕೊಂಡಿದ್ದೆ. ಅನ್ನಲಿಲ್ಲ.

"ನಂಗೊತ್ತಿತ್ತು ತಮ್ಮಾ. ಅದು ನನ್ನ ಬುಟ್ಟಿ ಹತ್ರನೇ ಮಲಗಿತ್ತು. ನಿನ್ನ ಭಾವನ ಕೈಲೂ ಹೇಳ್ದೆ, ಕೇಳ್ಲಿಲ್ಲ. ಮೀನು ಮಾರೋಳ ಮಾತು ಯಾರು ಕೇಳ್ತಾರೆ?" ಎಂದಳು. ಆಮೇಲೆ, "ಹುಡುಕ್ತ್ಯಾ? ಹುಡುಕೂದಾದ್ರೆ ನಾನೂ ಬತ್ತೆ. ನಿನ್ನ ದನಿಗೆ ಅದು ಬರೂದಿಲ್ಲ," ಎಂದಳು.

ನಾಲ್ಕು ಭಾನುವಾರ ಇಬ್ಬರೂ ಹೋದೆವು. ಸಾಮಾನಿನ ರಿಕ್ಷಾದವನನ್ನು ಕೇಳಿ, ಬಿಟ್ಟ ಜಾಗ ಗುರುತು ಹಾಕಿಕೊಂಡು, ಸೇತುವೆಯಾಚೆಯಿಂದ ಕುಮಟೆಯ ಮೀನು ಮಾರ್ಕೆಟ್ಟಿನ ತನಕ ಚಾ ಅಂಗಡಿ, ಕೋಳಿ ಅಂಗಡಿ ಒಂದನ್ನೂ ಬಿಡಲಿಲ್ಲ. ಅವಳು ಬಾಯಿಗೆ ಕೈ ಹಿಡಿದು ಒಂದು ಬಗೆಯಲ್ಲಿ ಕೂಗುತ್ತಿದ್ದಳು. ಎಷ್ಟೋ ನಾಯಿಗಳು ಬಂದವು. ಕಿವಿ ಹರಿದದ್ದು ಬರಲಿಲ್ಲ. ನಾಲ್ಕನೇ ಭಾನುವಾರ ಅವಳು, "ಸಾಕು, ನನ್ ಕಾಲು ಬೀಳ್ತದೆ," ಎಂದಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ತಪ್ಪಿಗೆ ಪರಿಹಾರ ಎಂದು ಹೊರಟರೂ ಪರಿಹಾರ ಸಿಗದ ತಪ್ಪುಗಳಿರುತ್ತವೆ, ಅದು ಅಲ್ಲಿ ಅರ್ಥವಾಯಿತು. ಆದರೆ ಆ ನಾಲ್ಕು ಭಾನುವಾರ ಫೋನು ಡಬ್ಬಿಯಲ್ಲೇ ಇತ್ತು, ಅದು ಬೇಕು ಎಂದೂ ಅನಿಸಲಿಲ್ಲ.

ಭಾವನಿಗೂ ಹೇಳಿದೆ. ಅದು ಬೇರೆಯೇ ರೀತಿ ಆಯಿತು. ಬೆಳಕೆಯಲ್ಲಿ ಅವರ ಮನೆಯ ಪೂಜೆಯ ದಿನ, ಊಟಕ್ಕೆ ಎಲೆ ಹಾಕುವ ಮೊದಲು, ಅವನೊಬ್ಬನಿಗೇ ಹೇಳಿದ್ದನ್ನು ಅವನು ಜಗಲಿಯಲ್ಲಿ ಎಲ್ಲರಿಗೂ ಕೇಳುವಂತೆ ಎತ್ತಿದ.

"ಇವ ಗಂಡಸ? ಹೆಂಡ್ತಿ ಕೈ ಮುರ್ದು ನಾಯಿ ಮೇಲೆ ಹಾಕ್ದವ. ದೇವ್ರ ಎದುರು ನಮ್ಮವ್ವನ ಹತ್ರ ಸುಳ್ಳು ಪ್ರಸಾದ ಕೇಳ್ಸಿದವ. ನಮ್ಮನೆ ಮರ್ಯಾದೆ ತೆಗ್ದೆ ಮಾರಾಯಾ."

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಕಿವಿ ಸುಡುತ್ತಿತ್ತು, ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ. ಊಟ ಮಾಡದೆ ಎದ್ದು ಬಂದೆ. ಬೈಕು ಹತ್ತುವಾಗ ಹೆಂಡತಿಯ ಕೈಯಾಗಲಿ, ನಾಯಿಯಾಗಲಿ ನೆನಪಿನಲ್ಲೇ ಇರಲಿಲ್ಲ. ಭಾವನ ಮುಖವೊಂದೇ ಇತ್ತು, ಅವನಿಗೆ ಎಂಥ ಮಾತು ತಿರುಗಿ ಕೊಡಬೇಕು ಎಂಬುದೊಂದೇ ಇತ್ತು. ಭಟ್ಕಳ ದಾಟಿದ ಮೇಲೆ ನಿಲ್ಲಿಸಿ, ಇಳಿದು, ಕೀಲಿ ತಿರುಗಿಸಿ ಫೋನು ತೆಗೆದೆ. ಅವನ ಅವಗುಣಗಳನ್ನೆಲ್ಲ ಒಬ್ಬ ಗೆಳೆಯನಿಗೆ ಹೇಳುತ್ತಾ ಒಂದೇ ಕೈಯಲ್ಲಿ ಬೈಕು ಬಿಟ್ಟೆ. ಶಿರಾಲಿಯ ತಿರುವು ಬಂದದ್ದೂ ಗೊತ್ತಾಗಲಿಲ್ಲ, ದಾಟಿದ ಮೇಲೆ ಗೊತ್ತಾಯಿತು. ನಿಲ್ಲಿಸಿ, ಇಳಿದು, ಫೋನನ್ನು ತಿರುಗಿ ಡಬ್ಬಿಯಲ್ಲಿಟ್ಟು ಬೀಗ ಹಾಕಿದೆ.

ನಾಚಿಕೆ ಹುಟ್ಟಿಸಲು ನಮ್ಮ ಕಡೆ ಮಾತಿಗೇನೂ ಬರವಿಲ್ಲ. ಮರ್ಯಾದೆ ಹೋಯಿತು, ಮುಖಕ್ಕೆ ಮಸಿ ಬಳಿದೆ, ತಲೆ ಎತ್ತಿ ತಿರುಗುವ ಹಾಗಿಲ್ಲ, ಎಲ್ಲ ನಾಲಿಗೆಯ ತುದಿಯಲ್ಲೇ ಇವೆ. ಅವೆಲ್ಲ ಮುಖದ ಮಾತು, ತಲೆಯ ಮಾತು. ಮಾಡಿದ ತಪ್ಪೊಂದು ಒಳಗೆ ಕೂತು, ಪೆಟ್ಟು ತಿಂದವರ ಕಡೆಗೆ ನಮ್ಮನ್ನು ಎಳೆದೊಯ್ಯುತ್ತದಲ್ಲ, ಅದಕ್ಕೆ ಪುಸ್ತಕದಲ್ಲಿ ಪಶ್ಚಾತ್ತಾಪ ಎಂಬ ಶಬ್ದವಿದೆ. ಬಾಯಲ್ಲಿ ಆಡುವ ಶಬ್ದ ಹುಡುಕಿದೆ, ಸಿಗಲಿಲ್ಲ. ತಪ್ಪಾತು ಎನ್ನುತ್ತೇವೆ ಅಷ್ಟೇ, ಅದನ್ನೂ ಬಸ್ಸಿನಲ್ಲಿ ಕಾಲು ತುಳಿದಾಗ ಎನ್ನುತ್ತೇವೆ.

ಜಗಲಿಯಲ್ಲಿ ನಡೆದದ್ದು ಹೆಂಡತಿಯ ಕಿವಿಗೆ ಬಿದ್ದಿತ್ತು. ಅವಳು ಆ ರಾತ್ರಿ ತವರಿನಲ್ಲೇ ಉಳಿದು ಮರುದಿನ ಮಧ್ಯಾಹ್ನ ಬಸ್ಸಿನಲ್ಲಿ ಬಂದಳು. ನಾನು ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದೆ. ಅವಳು ಚೀಲ ಇಟ್ಟು, ನೀರು ಕುಡಿದು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನು ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತೆ.

"ನನ್ನಿಂದ ತಪ್ಪಾತು," ಎಂದೆ. "ಫೋನು ತೆಗೆದದ್ದು ನಾನು. ನಾಯಿ ಬಂತು ಹೇಳಿ ಸುಳ್ಳು ಹೇಳ್ದವ ನಾನು. ನಿನ್ನ ಬಾಯಲ್ಲೂ ಸುಳ್ಳು ಹೇಳ್ಸಿದೆ. ನಿನ್ನೆ ಬರುವಾಗ್ಲೂ ಮತ್ತೆ ಫೋನು ತೆಗ್ದೆ."

ಕಡೆಯ ಮಾತು ಹೇಳುವ ಲೆಕ್ಕ ಇರಲಿಲ್ಲ, ಬಂದುಬಿಟ್ಟಿತು. ಅವಳು ಕಣ್ಣು ಮುಚ್ಚಿ ತೆರೆದಳು.

"ನಾನೂ ಹೂಂ ಅಂದೆ ಅಲಾ," ಎಂದಳು. "ಅಣ್ಣನ ಎದುರು ನೀವು ಸಣ್ಣ ಆಗೂದು ಬೇಡ ಹೇಳಿ ಅಂದೆ. ನಿಮ್ಮ ಮರ್ಯಾದೆ ಉಳದ್ರೆ ನೀವೇ ಸರಿ ಆಗ್ತ್ರಿ ಹೇಳಿ ಅಂದ್ಕಂಡಿದ್ದೆ."

"ಆಗ್ಲಿಲ್ಲ."

"ಆಗ್ಲಿಲ್ಲ. ನಾಯೀನೂ ಹೋತು." ಅವಳು ಹಿತ್ತಿಲ ಕಡೆ ನೋಡಿದಳು. ಅಲ್ಲಿ ಮಲ್ಲಿಗೆಯ ಗಿಡಗಳು ಮೊಗ್ಗು ತುಂಬಿ ನಿಂತಿದ್ದವು, ಕೊಯ್ಯುವವರಿರಲಿಲ್ಲ. "ಫೋನಿಂದ ಬಿದ್ದದ್ದಕ್ಕೆ ನಂಗೆ ಸಿಟ್ಟಿಲ್ಲ. ಯಾರಿಗೂ ಆಗೂದು. ಒಂದೂವರೆ ವರ್ಷ ಆತು. ಕೈ ಹೆಂಗದೆ ಹೇಳಿ ನೀವು ಒಂದು ದಿವ್ಸ ಕೇಳ್ಲಿಲ್ಲ."

ಒಂದೂವರೆ ವರ್ಷ ನಾನು ಬೆಂದದ್ದು ನಿಜ. ನಿದ್ದೆ ಬಿಟ್ಟದ್ದು ನಿಜ, ದೇವರ ಎದುರು ಅತ್ತದ್ದೂ ನಿಜ. ಅಷ್ಟೂ ಬೇಗೆ ನನ್ನ ಮುಖದ ಮೇಲೇ ಇತ್ತು. ನನ್ನನ್ನು ಯಾರು ಹೇಗೆ ನೋಡುತ್ತಾರೆ ಎಂಬುದರ ಸುತ್ತಲೇ ತಿರುಗಿತ್ತು. ಆ ಎರಡು ಬೆರಳಿನ ಹತ್ತಿರ ಅದು ಒಮ್ಮೆಯೂ ಹೋಗಿರಲಿಲ್ಲ.

ಕೈ ಚಾಚಿದೆ. ಅವಳು ಸ್ವಲ್ಪ ತಡೆದು ತನ್ನ ಬಲಗೈಯನ್ನು ನನ್ನ ಅಂಗೈಯಲ್ಲಿಟ್ಟಳು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು, ಅದು ನನಗೆ ಗೊತ್ತೇ ಇರಲಿಲ್ಲ. ತೋರುಬೆರಳಿನ ತುದಿಯಲ್ಲಿ ಒಂದು ಸುಟ್ಟ ಕಲೆ. ಬಿಸಿ ಪಾತ್ರೆ ಮುಟ್ಟಿದ್ದು ಗೊತ್ತಾಗುವುದಿಲ್ಲ ಎಂದಳು. ನಾನು ಆ ತುದಿಯನ್ನು ಒತ್ತಿದೆ.

"ಗೊತ್ತಾಗ್ತದಾ?"

"ಇಲ್ಲ."

ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತಿದೆ.

"ಈಗ?"

"ನೀವು ಒತ್ತೂದು ಕಾಣ್ತದೆ," ಎಂದಳು ಅವಳು. "ಗೊತ್ತಾಗೂದಿಲ್ಲ."